99.9 ಬರೆದರೆ ಸಾಕಾ? ಮಂಡಿ ಸಾಫ್ಟ್‌ವೇರ್‌ಗೆ ಎಸ್‌ಎಲ್‌ಎ ಅನುಬಂಧ ಬರೆಯುತ್ತಿದ್ದೇನೆ

ಕಲ್ಪತರು_ಕೋಡ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಸೇರಿ ತುಮಕೂರಿನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇವೆ. ತರಕಾರಿ ಮಂಡಿಗಳಿಗೆ ಹರಾಜಿನ ನಮೂದು, ತೂಕ, ರೈತರಿಗೆ ಕೊಡುವ ಮಾರಾಟದ ಪಟ್ಟಿ, ಬಾಕಿ ಲೆಕ್ಕ ಎಲ್ಲವೂ ಕ್ಲೌಡ್‌ನಲ್ಲಿ. ಈಗ ಕೋಲಾರದ ಕಡೆಯ ಟೊಮೆಟೊ ಮಂಡಿಗಳ ಒಂದು ಗುಂಪು ನಮ್ಮ ಜೊತೆ ಮೂರು ವರ್ಷದ ಕರಾರಿಗೆ ಬಂದಿದೆ. ತಿಂಗಳಿಗೆ 60,000 ರೂಪಾಯಿ, ಜಿಎಸ್‌ಟಿ ಬೇರೆ.

ಕರಾರಿನ ಉಳಿದ ಭಾಗ ಎಲ್ಲಾ ಮುಗಿದಿದೆ. ಎಸ್‌ಎಲ್‌ಎ ಅನುಬಂಧದಲ್ಲಿ, ಅಂದರೆ ಸೇವೆ ಎಷ್ಟು ಹೊತ್ತು ನಿಲ್ಲದೆ ಓಡಬೇಕು ಎಂದು ಮಾತು ಕೊಡುವ ಭಾಗದಲ್ಲಿ, ಸಿಕ್ಕಿಹಾಕಿಕೊಂಡಿದ್ದೇವೆ. ನಾನು 99.9% ಅಪ್‌ಟೈಮ್ ಎಂದು ಬರೆದು ಕಳಿಸಿದೆ. ಅವರ ವಕೀಲರು ಅದನ್ನು ಹೊಡೆದು 99.99% ಮಾಡಿದ್ದಾರೆ. ತಪ್ಪಿದರೆ ಆ ತಿಂಗಳ ಇಡೀ ಬಾಡಿಗೆ ವಾಪಸ್ ಎಂದೂ ಸೇರಿಸಿದ್ದಾರೆ. 30 ದಿನದ ತಿಂಗಳಲ್ಲಿ ಇರುವುದು 43,200 ನಿಮಿಷ. 99.9 ಅಂದರೆ 43 ನಿಮಿಷ ನಿಲ್ಲಬಹುದು. 99.99 ಅಂದರೆ ನಾಲ್ಕು ನಿಮಿಷ ಚಿಲ್ಲರೆ. ಒಂದು ಅಪ್‌ಡೇಟ್ ಹಾಕಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ಅದು ಅಲ್ಲಿಗೇ ಖರ್ಚು.

99.9ಕ್ಕೆ ಅವರನ್ನು ಒಪ್ಪಿಸುವುದು ಹೇಗೆ? ಯಾರಾದರೂ ಇಂಥದ್ದು ಬರೆದಿದ್ದರೆ ದಯವಿಟ್ಟು ಹೇಳಿ.

ನಂದಿತಪ್ಪಲು

ನಡುವೆ 99.95 ಇದೆಯಲ್ಲ, 21 ನಿಮಿಷ. ಅದಕ್ಕೆ ಕೈ ಕುಲುಕಿ ಮುಗಿಸಿ.

ಮಂಡಿಮಗ (ಕೋಲಾರ)

ನಾನು ಮಂಡಿಯವನು. ನಿಮ್ಮ ಗಿರಾಕಿ ಅಲ್ಲ, ಆದರೆ ಅದೇ ಕೆಲಸ. ನಮ್ಮ ಹತ್ತಿರ ಬೇರೆ ಸಾಫ್ಟ್‌ವೇರ್ ಇದೆ. ಅದರ ಕಾಗದದಲ್ಲೂ 99.9 ಎಂದೇ ಇತ್ತು. ಹೋದ ಜೂನ್‌ನಲ್ಲಿ ಒಂದು ಶನಿವಾರ ಬೆಳಿಗ್ಗೆ 9:12ಕ್ಕೆ ನಿಂತಿತು, 9:50ಕ್ಕೆ ಬಂತು. ಆ ಹೊತ್ತಿಗೆ ಹರಾಜು ನಡೆಯುತ್ತಿದೆ. 15 ಕೆಜಿ ಬಾಕ್ಸ್‌ಗಳು ಸಾಲುಗಟ್ಟಿ ನಿಂತಿವೆ. ಕೂಗಿದ ಬೆಲೆ ಬರೆದುಕೊಳ್ಳಲು ಹುಡುಗರು ಬಾಕ್ಸ್‌ನ ರಟ್ಟು ಹರಿದು ಪೆನ್ನಲ್ಲಿ ಗೀಚಿದರು. ಸಂಜೆ ಆ ರಟ್ಟುಗಳನ್ನು ಮುಂದಿಟ್ಟುಕೊಂಡು ಪಟ್ಟಿ ಬರೆದೆವು. ಎರಡು ರಟ್ಟು ಕಳೆದುಹೋಗಿದ್ದವು. ಆ ಇಬ್ಬರು ರೈತರ ಹತ್ತಿರ ನಮ್ಮಪ್ಪ ಎಷ್ಟು ಮಾತು ಕೇಳಿದರು ಅಂತ ನನಗೆ ಗೊತ್ತು.

ತಿಂಗಳ ಕೊನೆಗೆ ಕಂಪನಿಯವರನ್ನು ಕೇಳಿದರೆ 38 ನಿಮಿಷ ಅಷ್ಟೇ ಅಣ್ಣ, 43ರ ಒಳಗೇ ಇದೆ, ಕರಾರು ಮುರಿದಿಲ್ಲ ಎಂದರು. ಒಂದು ರೂಪಾಯಿ ಬರಲಿಲ್ಲ. ಹಾಗಾಗಿ ನಿಮ್ಮ ಗಿರಾಕಿಗಳು 99.99 ಕೇಳಿದ್ದು ನನಗೆ ತಪ್ಪು ಅನ್ನಿಸುವುದಿಲ್ಲ.

ಕರಾರುಪತ್ರ

ಮಂಡಿಮಗ ಹೇಳಿದ್ದರಲ್ಲೇ ನಿಮ್ಮ ಉತ್ತರ ಇದೆ ಸರ್. ನಾನು ಹತ್ತು ವರ್ಷದಿಂದ ಇಂಥ ಅನುಬಂಧಗಳನ್ನೇ ಬರೆಯುತ್ತಿದ್ದೇನೆ. ಕೆಲವು ಸಲ ಮಾರುವವರ ಕಡೆಯಿಂದ, ಕೆಲವು ಸಲ ಕೊಳ್ಳುವವರ ಕಡೆಯಿಂದ. ಒಂಬತ್ತುಗಳ ಮೇಲೆ ಚೌಕಾಸಿ ಮಾಡಬೇಡಿ. ಅವರಿಗೆ ಬೇಕಿರುವುದು 99.99 ಅಲ್ಲ, ಬೆಳಿಗ್ಗೆ ನಿಲ್ಲಬಾರದು ಎಂಬುದು. ರಾತ್ರಿ ಹನ್ನೊಂದಕ್ಕೆ ನಿಂತರೆ ಅವರಿಗೆ ಗೊತ್ತೂ ಆಗುವುದಿಲ್ಲ. ನಿಮ್ಮ ಕರಡು ಆ ಎರಡು ನಿಮಿಷಗಳಿಗೂ ಒಂದೇ ಬೆಲೆ ಕಟ್ಟುತ್ತಿದೆ.

ಲೆಕ್ಕದ ಗಂಟೆಗಳನ್ನು ಒಡೆಯಿರಿ. ಹರಾಜಿನ ಹೊತ್ತು ಬೆಳಿಗ್ಗೆ 6ರಿಂದ ಮಧ್ಯಾಹ್ನ 2 ಎಂದಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆ, 30 ದಿನಕ್ಕೆ 14,400 ನಿಮಿಷ. ಅದರ ಮೇಲೆ 99.9% ಅಂದರೆ ತಿಂಗಳಿಗೆ 14 ನಿಮಿಷ ಚಿಲ್ಲರೆ ಮಾತ್ರ. ಉಳಿದ 16 ಗಂಟೆಗೆ 99% ಇಡಿ. ಮಂಡಿಮಗನ ಆ ಶನಿವಾರವನ್ನು ಇದರಲ್ಲಿ ಹಾಕಿ ನೋಡಿ. 38 ನಿಮಿಷ ಇಡೀ ತಿಂಗಳ ಲೆಕ್ಕದಲ್ಲಿ 99.91%, ಪಾಸ್. ಹರಾಜಿನ ಹೊತ್ತಿನ ಲೆಕ್ಕದಲ್ಲಿ 99.74%, ಫೇಲ್. ನಿಂತಿದ್ದು ಅದೇ ಸರ್ವರ್, ಅದೇ 38 ನಿಮಿಷ.

ನಿಮಗೂ ಇದು ಒಳ್ಳೆಯದು. ಅಪ್‌ಡೇಟ್, ಬ್ಯಾಕಪ್, ರೀಸ್ಟಾರ್ಟ್ ಎಲ್ಲಾ ರಾತ್ರಿ ಮಾಡಬಹುದು. ಮೇಂಟೆನೆನ್ಸ್‌ಗೆ ಹೊರತು ಕೊಡಿ ಎಂದು ಅವರನ್ನು ಬೇಡುವ ಕೆಲಸವೂ ಕಡಿಮೆಯಾಗುತ್ತದೆ.

ಇನ್ನೊಂದು, ಅಳತೆಯನ್ನು ತಿಂಗಳಿಗೊಮ್ಮೆ ಎಂದೇ ಬರೆಯಿರಿ. ಕೆಲವರು ಮೂರು ತಿಂಗಳಿಗೊಮ್ಮೆ ಎಂದು ಸುಮ್ನೆ ಸೇರಿಸುತ್ತಾರೆ. ಆಗ ಎರಡು ಒಳ್ಳೆ ತಿಂಗಳು ಒಂದು ಕೆಟ್ಟ ಬೆಳಿಗ್ಗೆಯನ್ನು ಮುಚ್ಚಿಹಾಕುತ್ತವೆ.

ಕಲ್ಪತರು_ಕೋಡ್ (ತುಮಕೂರು)

ಇದು ನನಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಮೇಡಂ. ಮಂಡಿಮಗ, ನಿಮ್ಮ ಶನಿವಾರ ಏನಾಗಿತ್ತು ಅಂತ ಕಂಪನಿಯವರು ಹೇಳಿದರಾ?

ಮಂಡಿಮಗ (ಕೋಲಾರ)

ಡಿಸ್ಕ್ ತುಂಬಿತ್ತಂತೆ. ವಿಚಿತ್ರ ಏನು ಅಂದರೆ ಲಾಗಿನ್ ಆಗುತ್ತಿತ್ತು. ಹಳೇ ಪಟ್ಟಿ ಎಲ್ಲಾ ಕಾಣುತ್ತಿತ್ತು. ಹೊಸದು ಸೇವ್ ಒತ್ತಿದರೆ ಮಾತ್ರ ಸುತ್ತುತ್ತಾ ಇರುತ್ತಿತ್ತು. ನಾನು ಮೊದಲು ನಮ್ಮ ಇಂಟರ್ನೆಟ್ ಹೋಗಿದೆ ಎಂದುಕೊಂಡೆ. ಫೋನ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿದೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಕಂಪನಿಗೆ ಫೋನ್ ಮಾಡುವ ಹೊತ್ತಿಗೆ 9:31.

ಸರ್ವರ್‌ಕಾವಲು

ಅಲ್ಲೇ ಇರೋದು ವಿಷಯ. ಆ ಬೆಳಿಗ್ಗೆಗೆ ಮೂರು ಗಡಿಯಾರ ಇದ್ದವು. ಮಂಡಿಯ ಗಡಿಯಾರದಲ್ಲಿ 38 ನಿಮಿಷ. ಕರಾರಿನಲ್ಲಿ 'ಗ್ರಾಹಕರು ದೂರು ಕೊಟ್ಟ ಹೊತ್ತಿನಿಂದ' ಎಂದಿದ್ದರೆ 9:31ರಿಂದ 9:50, ಅಂದರೆ 19. ಕಂಪನಿಯ ಮಾನಿಟರ್ ಲಾಗಿನ್ ಪುಟವನ್ನು ಮಾತ್ರ ನೋಡುತ್ತಿದ್ದರೆ ಸೊನ್ನೆ. ಲಾಗ್ ತೆಗೆದರೆ ಹೀಗೆ ಕಾಣುತ್ತಿರುತ್ತದೆ, 200 ಅಂದರೆ ಸರಿ, 500 ಅಂದರೆ ತಪ್ಪಿದೆ:

```
09:10 GET  /login       200
09:12 POST /patti/save  500
09:15 GET  /login       200
09:17 POST /patti/save  500
```

ಎಡಗಣ್ಣಲ್ಲಿ ನೋಡಿದರೆ ಎಲ್ಲಾ ಸರಿ, ಬಲಗಣ್ಣಲ್ಲಿ ನೋಡಿದರೆ ಎಲ್ಲಾ ನಿಂತಿದೆ. ಶೇಕಡಾ ಎಷ್ಟು ಎಂದು ಬರೆಯುವ ಮೊದಲು 'ನಿಂತಿದೆ' ಅಂದರೆ ಏನು ಎಂದು ಬರೆಯಬೇಕು.

ನಾನು ಮಾಡುವುದು ಇಷ್ಟು. ಲೈವ್ ಸಿಸ್ಟಮ್‌ನಲ್ಲೇ ಒಂದು ಸುಳ್ಳು ಮಂಡಿ ಖಾತೆ ತೆರೆಯುತ್ತೇನೆ. ಒಂದು ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಆ ಖಾತೆಗೆ ಲಾಗಿನ್ ಆಗಿ, ಒಂದು ಪಟ್ಟಿ ಸೇವ್ ಮಾಡಿ, ಅದನ್ನೇ ವಾಪಸ್ ತೆರೆದು ನೋಡುತ್ತದೆ. ಇದು ಎರಡು ಬೇರೆ ಬೇರೆ ಊರಿನ ಮೆಷಿನ್‌ಗಳಿಂದ ಓಡುತ್ತದೆ. ಎರಡೂ ಕಡೆ ಸತತ ಎರಡು ಸಲ ತಪ್ಪಿದರೆ ನಿಂತಿದೆ ಎಂದು ಲೆಕ್ಕ, ಮತ್ತು ಗಡಿಯಾರ ಮೊದಲು ತಪ್ಪಿದ ನಿಮಿಷದಿಂದ ಓಡುತ್ತದೆ. ದೂರು ಬಂದ ನಿಮಿಷದಿಂದ ಅಲ್ಲ. ಪರೀಕ್ಷೆಯ ಪಟ್ಟಿಗಳನ್ನು ರಾತ್ರಿ ಅಳಿಸಿಬಿಡಿ. ಇಲ್ಲದಿದ್ದರೆ ವರದಿಯ ಮೊತ್ತದಲ್ಲಿ ಸೇರಿಕೊಳ್ಳುತ್ತವೆ. ನನಗೆ ಒಮ್ಮೆ ಹಾಗಾಗಿತ್ತು.

ನಂದಿತಪ್ಪಲು

ಐದು ನಿಮಿಷಕ್ಕೊಮ್ಮೆ ನೋಡಿದರೆ ಸಾಲದಾ? ನಮ್ಮ ಆಫೀಸಿನಲ್ಲಿ ಹಾಗೇ ಇದೆ.

ಸರ್ವರ್‌ಕಾವಲು

ತಿಂಗಳಿಗೆ 14 ನಿಮಿಷದ ಮೇಲೆ ಜಗಳ ಆಡುವವರಿಗೆ ಸಾಲದು. ಐದು ನಿಮಿಷದ ಜಾಲರಿಯಲ್ಲಿ ನಾಲ್ಕು ನಿಮಿಷದ ನಿಲುಗಡೆ ಸಿಗದೇ ಹೋಗಬಹುದು. ಎರಡು ಸಲ ತಪ್ಪಿದ ಮೇಲೇ ಲೆಕ್ಕ ಅಂದರೆ ಇನ್ನೂ ಜಾಸ್ತಿ ತಪ್ಪಿಸಿಕೊಳ್ಳುತ್ತದೆ.

ಹೂಮಂಡಿ_ಅಕ್ಕ (ಚಿಕ್ಕಬಳ್ಳಾಪುರ)

ನಮ್ಮದು ಹೂವು. ನಮಗೆ ಬೆಳಿಗ್ಗೆ ಆರು ಅಂದರೆ ಅರ್ಧ ವ್ಯಾಪಾರ ಮುಗಿದಿರುತ್ತದೆ. ನಾಲ್ಕಕ್ಕೇ ಮೂಟೆ ಬಿಚ್ಚುತ್ತೇವೆ. ನಮ್ಮ ಸಾಫ್ಟ್‌ವೇರ್‌ನವರು 'ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಮೇಂಟೆನೆನ್ಸ್' ಎಂದು ಬರೆದಿದ್ದಾರೆ. ಯಾರೋ ಬೆಂಗಳೂರಿನ ಆಫೀಸಿನಲ್ಲಿ ಕೂತು ಬರೆದದ್ದು ಎಂದು ಓದಿದ ಕೂಡಲೇ ಗೊತ್ತಾಗುತ್ತದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನಗಳಲ್ಲಿ, ಆಯುಧಪೂಜೆ ಹೊತ್ತಿನಲ್ಲಿ ನಮಗೆ ರಾತ್ರಿಯೂ ಇಲ್ಲ, ಹಗಲೂ ಇಲ್ಲ. ಆ ದಿನ ಅಪ್‌ಡೇಟ್ ಹಾಕಲೇಬಾರದು ಎಂದು ಬರೆಸಬಹುದಾ?

ಕರಾರುಪತ್ರ

ಬರೆಸಬಹುದು ಅಕ್ಕ, ಬರೆಸಲೇಬೇಕು. ಪ್ರತಿ ವರ್ಷ ಜನವರಿಯಲ್ಲಿ ನೀವು ಹಬ್ಬದ ದಿನಗಳ ಪಟ್ಟಿ ಕೊಡುತ್ತೀರಿ, ಹತ್ತು ದಿನ ಮೀರದಂತೆ. ಆ ದಿನಗಳಲ್ಲಿ 24 ಗಂಟೆಯೂ ವ್ಯಾಪಾರದ ಹೊತ್ತು ಎಂದೇ ಲೆಕ್ಕ, ಮೇಂಟೆನೆನ್ಸ್ ಇಲ್ಲ. ದಿನಗಳ ಸಂಖ್ಯೆಗೆ ಮಿತಿ ಇದ್ದರೆ ಕಂಪನಿಯವರೂ ಒಪ್ಪುತ್ತಾರೆ.

ಕೊಬ್ಬರಿಲೆಕ್ಕ (ತಿಪಟೂರು)

ಹಾಗಾದರೆ ನಮಗೂ ಹೀಗೇ ಮಾಡಿಸುತ್ತೇನೆ. ಕೊಬ್ಬರಿ ಹರಾಜು ವಾರಕ್ಕೆ ಎರಡೇ ದಿನ. ಆ ದಿನಗಳಲ್ಲಿ ಆರು ಗಂಟೆ ಹೊತ್ತಿಗೆ ಮಾತ್ರ 99.9 ಕೇಳಿದರೆ ಆಯಿತಲ್ಲ, ಕಂಪನಿಗೂ ಸುಲಭ.

ಸರ್ವರ್‌ಕಾವಲು

ಸುಲಭ ಅಲ್ಲ ಸ್ವಾಮಿ, ಉಲ್ಟಾ. ತಿಂಗಳಿಗೆ ಎಂಟು ಹರಾಜು, ಆರು ಗಂಟೆಯಂತೆ 48 ಗಂಟೆ, 2,880 ನಿಮಿಷ. ಅದರಲ್ಲಿ 99.9% ಅಂದರೆ ಮೂರು ನಿಮಿಷವೂ ಸಿಗುವುದಿಲ್ಲ. ಫೋನ್ ಬಂದು ಲ್ಯಾಪ್‌ಟಾಪ್ ತೆಗೆಯುವುದರಲ್ಲೇ ಅದು ಹೋಗುತ್ತದೆ. ಹೊತ್ತು ಕಿರಿದಾದಷ್ಟೂ ಅದೇ ಶೇಕಡಾ ಬಿಗಿಯಾಗುತ್ತದೆ. ನಿಮಗೆ 99% ಇಟ್ಟರೆ 28 ನಿಮಿಷ ಸಿಗುತ್ತದೆ, ಅದು ನಡೆಸಬಹುದಾದ ಮಾತು. ನನ್ನ ಪ್ರಕಾರ ಶೇಕಡಾ ಬಿಟ್ಟು 'ಹರಾಜಿನ ಹೊತ್ತಿನಲ್ಲಿ ತಿಂಗಳಿಗೆ ಒಟ್ಟು 25 ನಿಮಿಷ ಮೀರಬಾರದು' ಎಂದು ನಿಮಿಷದಲ್ಲೇ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ.

ಕೊಬ್ಬರಿಲೆಕ್ಕ (ತಿಪಟೂರು)

ಓ ಸರಿ. ನಿಮಿಷದಲ್ಲಿ ಬರೆದರೆ ನಮ್ಮ ಅಂಗಡಿಯ ಗುಮಾಸ್ತರಿಗೂ ಗೊತ್ತಾಗುತ್ತದೆ.

ಬಿಸಿಲುಮಳೆ

ನಮ್ಮ ಮನೆ ಬ್ರಾಡ್‌ಬ್ಯಾಂಡ್ ವಾರಕ್ಕೆ ಎರಡು ಸಲ ಹೋಗುತ್ತದೆ. ಅದಕ್ಕೂ ಈ ಬಾಡಿಗೆ ವಾಪಸ್, ಕ್ರೆಡಿಟ್ ಅಂತಾರಲ್ಲ, ಅದನ್ನು ಕೇಳಬಹುದಾ? ಯಾವ ಅರ್ಜಿ?

ನಂದಿತಪ್ಪಲು

ಅದು ಬೇರೆ ಅಣ್ಣ. ಇಲ್ಲಿ ಇಬ್ಬರು ವ್ಯಾಪಾರಸ್ಥರು ಕೂತು ಬರೆದುಕೊಳ್ಳುವ ಕರಾರಿನ ಮಾತು.

ಕಲ್ಪತರು ಅವರೇ, ನೀವು ಮುಖ್ಯವಾಗಿ ನೋಡಬೇಕಾದ್ದು ಹೊರತುಗಳು. ಸರ್ವರ್ ನಿಮ್ಮದಲ್ಲವಲ್ಲ, ಅಮೆಜಾನ್‌ದೋ ಯಾರದೋ. ಅವರ ಕಡೆ ತೊಂದರೆಯಾದರೆ ನಮ್ಮ ಹೊಣೆ ಇಲ್ಲ ಎಂದು ಬರೆದುಬಿಡಿ. ಅವರೇ 99.99 ಕೊಡುತ್ತಾರೆ. ಹಾಗಾಗಿ ನೀವು 99.9 ಧೈರ್ಯವಾಗಿ ಕೊಡಬಹುದು.

ಸರ್ವರ್‌ಕಾವಲು

ಅರ್ಧ ನಿಜ. ಆ 99.99 ಸುಮ್ನೆ ಸಿಗುವುದಿಲ್ಲ. ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ ಇಸಿ2, ಅದರ ಕರಾರು ಓದಿ ನೋಡಿ. ಒಂದೇ ರೀಜನ್‌ನ, ಅಂದರೆ ಒಂದೇ ಪ್ರದೇಶದ, ಎರಡು ಅಥವಾ ಹೆಚ್ಚು ಝೋನ್‌ಗಳಲ್ಲಿ, ಅಂದರೆ ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ, ಮೆಷಿನ್ ಓಡಿಸುತ್ತಿದ್ದರೆ ಮಾತ್ರ 99.99. ಒಂಟಿ ಮೆಷಿನ್‌ಗೆ ಅವರು ಕೊಡುವ ಮಾತು 99.5. ಡೇಟಾಬೇಸ್ ಸೇವೆಗೂ ಹಾಗೇ, ಎರಡು ಝೋನ್ ಇದ್ದರೆ 99.95, ಒಂದೇ ಝೋನ್ ಆದರೆ 99.5. ಕಲ್ಪತರು, ನಿಮ್ಮದು ಹೇಗಿದೆ?

ಕಲ್ಪತರು_ಕೋಡ್ (ತುಮಕೂರು)

ಮುಂಬೈ ರೀಜನ್‌ನಲ್ಲಿ ಒಂದು ಮೆಷಿನ್, ಒಂದು ಡೇಟಾಬೇಸ್. ಎರಡೂ ಒಂದೇ ಝೋನ್. ತಿಂಗಳಿಗೆ ಸುಮಾರು 9,000 ರೂಪಾಯಿ ಬಿಲ್ ಬರುತ್ತದೆ.

ಸರ್ವರ್‌ಕಾವಲು

ಪಟ್ಟಿ ಸೇವ್ ಆಗಲು ಎರಡೂ ಎದ್ದಿರಬೇಕು ಅಲ್ವಾ? ಹಾಗಾದರೆ ಎರಡನ್ನೂ ಗುಣಿಸಬೇಕು.

```
0.995 × 0.995 = 0.990
```

ಅಂದರೆ ನಿಮ್ಮ ಕೆಳಗಿನವರು ನಿಮಗೆ ಕೊಟ್ಟಿರುವ ಮಾತು ಹೆಚ್ಚೂಕಡಿಮೆ 99%. ತಿಂಗಳಿಗೆ ಏಳು ಗಂಟೆ. ಅದರ ಮೇಲೆ ನಿಂತು ನೀವು 99.9 ಬರೆಯುತ್ತಿದ್ದೀರಿ. ನಿಜವಾಗಿ ಅವು ಅಷ್ಟು ನಿಲ್ಲುವುದಿಲ್ಲ, ತುಂಬಾ ತಿಂಗಳು ಒಂದು ನಿಮಿಷವೂ ನಿಲ್ಲದೆ ಓಡುತ್ತವೆ. ಆದರೆ ನಿಂತ ದಿನ ನಡುವಿನ ಗುಂಡಿ ಪೂರ್ತಿ ನಿಮ್ಮದು. ತಿಂಗಳ ಲೆಕ್ಕ 99.5ಕ್ಕಿಂತ ಕೆಳಗೆ ಹೋಗದಿದ್ದರೆ ಅವರು ನಿಮಗೆ ಏನೂ ಕೊಡುವುದಿಲ್ಲ. 99.5ರಿಂದ 99ರ ನಡುವೆ ಇದ್ದರೆ ಕೊಡುವುದು ಬಿಲ್ಲಿನ 10%, ಅಂದರೆ ಹೆಚ್ಚೆಂದರೆ 900 ರೂಪಾಯಿ. ಅದನ್ನೂ ನೀವು ಕೇಳಬೇಕು. ಘಟನೆಯಾದ ಮೇಲೆ ಎರಡನೇ ಬಿಲ್ಲಿಂಗ್ ತಿಂಗಳು ಮುಗಿಯುವುದರೊಳಗೆ ಅರ್ಜಿ ಹಾಕದಿದ್ದರೆ ಅದೂ ಇಲ್ಲ. ನೀವು ಮಂಡಿಯವರಿಗೆ ಕೊಡಬೇಕಾದ್ದು 60,000ದ ಮೇಲೆ.

ಮಂಡಿಮಗ (ಕೋಲಾರ)

ನಾನು ಕೇಳುವುದು ಬೇರೆ. ಯಾವ ಸರ್ವರ್ ಬಾಡಿಗೆಗೆ ತೆಗೆದುಕೊಳ್ಳಬೇಕು ಅಂತ ತೀರ್ಮಾನ ಮಾಡಿದ್ದು ನಾನಾ? ನಾನು ಲಾರಿ ಬಾಡಿಗೆಗೆ ಕರೆದೆ. ಟೈರ್ ಒಡೆಯಿತು. ಟೈರ್ ನಮ್ಮ ಕಂಪನಿದಲ್ಲ ಎಂದರೆ ನಾನು ಕೇಳಬೇಕಾ? ಸ್ಟೆಪ್ನಿ ಇಟ್ಟುಕೊಳ್ಳುವುದು ಲಾರಿಯವನ ಕೆಲಸ.

ಕರಾರುಪತ್ರ

ಕೊಳ್ಳುವವರ ಕಡೆ ಕೂತಾಗ ನಾನೂ ಇದೇ ಹೇಳುತ್ತೇನೆ. ಹೋಸ್ಟಿಂಗ್ ಹೊರತು ಎಂದು ಒಪ್ಪಿಕೊಂಡರೆ ಇಡೀ ಎಸ್‌ಎಲ್‌ಎ ಟೊಳ್ಳು. ಕ್ಲೌಡ್ ಸಾಫ್ಟ್‌ವೇರ್ ನಿಲ್ಲುವ ಕಾರಣಗಳಲ್ಲಿ ದೊಡ್ಡ ಪಾಲು ಆ ಬಾಗಿಲಿನಿಂದ ಹೊರಗೆ ಹೋಗಿಬಿಡುತ್ತದೆ. 'ನಮ್ಮ ನಿಯಂತ್ರಣಕ್ಕೆ ಮೀರಿದ ಯಾವುದೇ ಕಾರಣ' ಎಂಬ ಸಾಲು ಇನ್ನೂ ಅಪಾಯ. ಡಿಸ್ಕ್ ತುಂಬಿದ್ದೂ ನಿಯಂತ್ರಣಕ್ಕೆ ಮೀರಿದ್ದು ಎನ್ನುವವರನ್ನು ನೋಡಿದ್ದೇನೆ.

ನಡುವಿನ ದಾರಿ ಒಂದಿದೆ. ಒಂದು ಝೋನ್ ಬಿದ್ದರೆ ಹೊರತು ಇಲ್ಲ, ಅದು ಕಲ್ಪತರು ಅವರ ಹೊಣೆ. ಮುಂಬೈ ರೀಜನ್ ಇಡೀ ಬಿದ್ದರೆ ಕ್ರೆಡಿಟ್ ಇಲ್ಲ, ಆದರೆ ಇಂತಿಷ್ಟು ಗಂಟೆಯಲ್ಲಿ ಬೇರೆ ಕಡೆಯಿಂದ ಬ್ಯಾಕಪ್ ಎಬ್ಬಿಸುವ ಮಾತು ಇರಲಿ. ಯಾವ ಹೊರತು ಹೇಳಿದರೂ ಅದನ್ನು ತೋರಿಸಿಕೊಡುವ ಹೊರೆ ಹೇಳಿದವರ ಮೇಲೆ.

ನಂದಿತಪ್ಪಲು

ಐದು ಜನರ ಕಂಪನಿ ಎರಡು ಝೋನ್ ನಡೆಸಬೇಕು ಅಂದರೆ ಹೋಸ್ಟಿಂಗ್ ಖರ್ಚು ಹೆಚ್ಚೂಕಡಿಮೆ ಎರಡರಷ್ಟು. ಅದನ್ನು ಮಂಡಿಯವರು ಕೊಡುತ್ತಾರಾ? ಲಾರಿ ಉದಾಹರಣೆ ಹೇಳುವುದು ಸುಲಭ. ನಾನು ಈಗಲೂ ಹೋಸ್ಟಿಂಗ್ ಹೊರತು ಬೇಕು ಎನ್ನುತ್ತೇನೆ.

ಮಂಡಿಮಗ (ಕೋಲಾರ)

ಕೇಳಿ ನೋಡಿ. ಬೆಳಿಗ್ಗೆ ನಿಲ್ಲುವುದಿಲ್ಲ ಅಂದರೆ ತಿಂಗಳಿಗೆ ನಾಲ್ಕೈದು ಸಾವಿರ ಜಾಸ್ತಿ ಕೊಡುವ ಮಂಡಿಗಳು ಇವೆ. ಕೇಳದೆ ಕಾಗದದಲ್ಲಿ ಕತ್ತರಿಸಿದರೆ ಬೇಜಾರಾಗುತ್ತದೆ.

ಹೂಮಂಡಿ_ಅಕ್ಕ (ಚಿಕ್ಕಬಳ್ಳಾಪುರ)

ಕರೆಂಟ್ ಹೋದರೆ? ನಮ್ಮಲ್ಲಿ ಮಳೆಗಾಲದಲ್ಲಿ ಅದೇ ದೊಡ್ಡ ಕಥೆ. ಯುಪಿಎಸ್ ಇದೆ, ಆದರೆ ತೂಕದ ಯಂತ್ರದ ಕೇಬಲ್ ಸಡಿಲವಾದರೂ ಸಾಫ್ಟ್‌ವೇರ್ ನಿಂತಿತು ಎಂದು ಹುಡುಗರು ಕೂಗುತ್ತಾರೆ.

ಸರ್ವರ್‌ಕಾವಲು

ಅದು ಹೊರತು, ಅದರಲ್ಲಿ ಎರಡು ಮಾತಿಲ್ಲ. ಮಂಡಿಯ ಕರೆಂಟ್, ಇಂಟರ್ನೆಟ್, ಪ್ರಿಂಟರ್, ತೂಕದ ಯಂತ್ರ ಎಲ್ಲಾ ಮಂಡಿಯ ಹೊಣೆ. ಜಗಳ ಬರುವುದು ಯಾರದ್ದು ನಿಂತಿತು ಎಂಬುದರ ಮೇಲೆ. ಅದಕ್ಕೇ ಆ ಸುಳ್ಳು ಪಟ್ಟಿ ಬೇಕು. ಮಂಡಿಯವರು 9:12ಕ್ಕೆ ನಿಂತಿತು ಅನ್ನುತ್ತಾರೆ. ಆ ನಿಮಿಷದಲ್ಲಿ ಎರಡು ಊರಿನ ಮೆಷಿನ್‌ನಿಂದಲೂ ಪಟ್ಟಿ ಸೇವ್ ಆಗಿದ್ದರೆ ತೊಂದರೆ ಮಂಡಿಯ ಕಡೆ. ಆಗಿಲ್ಲದಿದ್ದರೆ ಕಂಪನಿಯ ಕಡೆ. ಆ ಲಾಗ್ ಮಂಡಿಯವರಿಗೂ ಯಾವಾಗ ಬೇಕಾದರೂ ಕಾಣುವಂತಿರಬೇಕು. ಕಂಪನಿಯ ಡ್ರಾಯರ್‌ನಲ್ಲಿ ಇದ್ದರೆ ಯಾರೂ ನಂಬುವುದಿಲ್ಲ.

ಬಿಸಿಲುಮಳೆ

ನಿಂತಿಲ್ಲ ಆದರೆ ನಿಧಾನ ಅಂದರೆ? ಒಂದು ಪಟ್ಟಿ ಸೇವ್ ಆಗಲು ಒಂದು ನಿಮಿಷ ತೆಗೆದುಕೊಂಡರೆ ಅದು ಎದ್ದಿದೆಯಾ ಬಿದ್ದಿದೆಯಾ?

ಸರ್ವರ್‌ಕಾವಲು

ಒಳ್ಳೆ ಪ್ರಶ್ನೆ. ಆ ಸ್ಕ್ರಿಪ್ಟ್‌ಗೇ ಒಂದು ಗಡುವು ಕೊಡಿ. 15 ಸೆಕೆಂಡಿನಲ್ಲಿ ಸೇವ್ ಆಗದಿದ್ದರೆ ತಪ್ಪಿತು ಎಂದೇ ಲೆಕ್ಕ. ಹರಾಜಿನಲ್ಲಿ ಒಂದು ರಾಶಿಯಿಂದ ಇನ್ನೊಂದು ರಾಶಿಗೆ ಹೋಗುವಷ್ಟು ಹೊತ್ತಿನಲ್ಲಿ ಸೇವ್ ಆಗಬೇಕು. ಅದು ನಿಮ್ಮ ಅಳತೆ.

ಕಲ್ಪತರು_ಕೋಡ್ (ತುಮಕೂರು)

ಈಗ ಕ್ರೆಡಿಟ್ ಮಾತಿಗೆ ಬರುತ್ತೇನೆ. ಅವರು ಇಡೀ ತಿಂಗಳ ಬಾಡಿಗೆ ಕೇಳಿದ್ದಾರೆ. 15ನೇ ನಿಮಿಷಕ್ಕೇ 60,000 ಹೋದರೆ ಆ ತಿಂಗಳು ಸಂಬಳ ಕೊಡಲು ಆಗುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಲೂ ಸಂಕೋಚ.

ಕರಾರುಪತ್ರ

ಮೆಟ್ಟಿಲು ಮಾಡಿ. ಹರಾಜಿನ ಹೊತ್ತಿನ 99.9ಕ್ಕಿಂತ ಕೆಳಗೆ ಹೋಗಿ 99.5ರವರೆಗೆ ಇದ್ದರೆ 10%. 99.5ರಿಂದ 98ರವರೆಗೆ 20%. ಅದಕ್ಕೂ ಕೆಳಗೆ 30%, ಅಲ್ಲಿಗೆ ಮಿತಿ. ನಿಮಿಷದಲ್ಲಿ ಹೇಳಿದರೆ 14 ದಾಟಿದರೆ ಮೊದಲ ಮೆಟ್ಟಿಲು, 72 ದಾಟಿದರೆ ಎರಡನೆಯದು, 288 ದಾಟಿದರೆ ಮೂರನೆಯದು. ಆ ಶನಿವಾರದ 38 ನಿಮಿಷ ಮೊದಲ ಮೆಟ್ಟಿಲು, 6,000 ರೂಪಾಯಿ.

ಮಂಡಿಯವರು ಅರ್ಜಿ ಹಾಕಿ ಕೇಳಬೇಕು ಎಂದು ಇಡಬೇಡಿ. ತಿಂಗಳ ವರದಿಯ ಜೊತೆ ಮುಂದಿನ ಬಿಲ್ಲಿನಲ್ಲಿ ತಾನಾಗಿ ಕಳೆಯಲಿ. ಅಮೆಜಾನ್‌ನಂಥವರು ಅರ್ಜಿ ಕೇಳುವುದು ಸರಿ ಇರಬಹುದು, ಅವರಿಗೆ ಲಕ್ಷಾಂತರ ಗಿರಾಕಿಗಳು. ನಿಮಗೆ ಇರುವುದು ಬೆರಳೆಣಿಕೆ.

ಜಮಾಖರ್ಚು

ನಾನು ಅಕೌಂಟ್ಸ್ ನೋಡುವವಳು. ಒಂದು ಮಾತು. ಮುಂದಿನ ಬಿಲ್ಲಿನಲ್ಲಿ ಸುಮ್ನೆ 6,000 ಮೈನಸ್ ಮಾಡಿ ಕಳಿಸಬೇಡಿ. ಹಳೇ ತಿಂಗಳ ಇನ್‌ವಾಯ್ಸ್‌ನ ಮೇಲೆ ಕ್ರೆಡಿಟ್ ನೋಟ್ ಕೊಡಿ. ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 34ರಲ್ಲಿ ಸೇವೆಯಲ್ಲಿ ಕೊರತೆ ಆದರೆ ಕ್ರೆಡಿಟ್ ನೋಟ್ ಕೊಡಲು ಅವಕಾಶ ಇದೆ. ಆಗ 6,000ದ ಜೊತೆ ಅದರ 18% ತೆರಿಗೆ 1,080 ಕೂಡ ನಿಮ್ಮ ಹೊಣೆಯಿಂದ ಇಳಿಯುತ್ತದೆ. ಮಂಡಿಯವರು ಆ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಅದನ್ನು ವಾಪಸ್ ಮಾಡಬೇಕು. ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30 ದಾಟಿದರೆ, ಅಥವಾ ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿಬಿಟ್ಟರೆ, ತೆರಿಗೆ ಇಳಿಸಿಕೊಳ್ಳಲು ಆಗುವುದಿಲ್ಲ. ಅನುಬಂಧದಲ್ಲೇ 'ಕ್ರೆಡಿಟ್ ನೋಟ್ ಮೂಲಕ' ಎಂಬ ಮೂರು ಪದ ಸೇರಿಸಿ.

ಮಂಡಿಮಗ (ಕೋಲಾರ)

ಆರು ಸಾವಿರ ಸರಿ. ಆದರೆ ಒಂದು ಬೆಳಿಗ್ಗೆ ಹೋದರೆ ನಮಗೆ ಆಗುವುದು ಆರು ಸಾವಿರದ ನಷ್ಟ ಅಲ್ಲ. ರೈತ ಪಕ್ಕದ ಮಂಡಿಗೆ ಹೋದರೆ ಆ ಸೀಸನ್ ಪೂರ್ತಿ ವಾಪಸ್ ಬರುವುದಿಲ್ಲ. ಅದನ್ನು ಯಾರು ಕೊಡುತ್ತಾರೆ?

ಕರಾರುಪತ್ರ

ಕ್ರೆಡಿಟ್ ಅದನ್ನು ತುಂಬಿಕೊಡುವುದಿಲ್ಲ ಸರ್. ಕೊಟ್ಟ ಸೇವೆ ಕಡಿಮೆಯಾಯಿತು, ಅದಕ್ಕೆ ಬೆಲೆ ಕಡಿಮೆ, ಅಷ್ಟೇ ಅದರ ಅರ್ಥ. ಇಲ್ಲೇ ಕಲ್ಪತರು ಅವರ ಕರಡಿನಲ್ಲಿ ಒಂದು ಸಾಲು ಇರುತ್ತದೆ, ನೋಡದೆಯೇ ಹೇಳುತ್ತೇನೆ: 'ಸರ್ವಿಸ್ ಕ್ರೆಡಿಟ್ ಒಂದೇ ಪರಿಹಾರ, ಬೇರೆ ಏನೂ ಕೇಳುವಂತಿಲ್ಲ.' ಎಲ್ಲಾ ಮಾದರಿಗಳಲ್ಲೂ ಅದು ಇರುತ್ತದೆ. ಆ ಸಾಲು ಇದ್ದರೆ ಮಂಡಿಗೆ 6,000ದ ಮೇಲೆ ದಾರಿ ತುಂಬಾ ಕಷ್ಟ. ಇಲ್ಲದಿದ್ದರೂ ಪೂರ್ತಿ ಸುಲಭವಲ್ಲ. 1872ರ ಕರಾರು ಕಾಯ್ದೆಯ ಸೆಕ್ಷನ್ 74ರಂತೆ ಕರಾರು ಮುರಿದರೆ ಇಷ್ಟು ಎಂದು ಮೊದಲೇ ಮೊತ್ತ ಬರೆದಿದ್ದರೆ ನ್ಯಾಯಾಲಯ ಅದರೊಳಗೇ ಸಮಂಜಸವಾದ ಪರಿಹಾರ ಕೊಡುತ್ತದೆ, ಅದನ್ನು ಮೀರುವುದಿಲ್ಲ. ಹಾಗಾಗಿ ಕ್ರೆಡಿಟ್ ಎಂದರೆ ನಷ್ಟದ ಮೊತ್ತವಲ್ಲ, ಬಾಡಿಗೆಯ ಇಳಿಕೆ ಎಂದು ಸ್ಪಷ್ಟವಾಗಿ ಬರೆಯುವುದನ್ನು ಕೊಳ್ಳುವವರು ಕೇಳಬೇಕು. ಮಾರುವವರು ಅದಕ್ಕೆ ಬದಲಾಗಿ ಒಟ್ಟು ಹೊಣೆಗೆ ಒಂದು ಮಿತಿ ಕೇಳುತ್ತಾರೆ, ಸಾಮಾನ್ಯವಾಗಿ ಒಂದು ವರ್ಷದ ಬಾಡಿಗೆ.

ನನ್ನ ಅನುಭವದಲ್ಲಿ ಮಂಡಿಯಂಥ ಗಿರಾಕಿಗೆ ಹಣಕ್ಕಿಂತ ಮುಖ್ಯವಾದದ್ದು ಬಿಟ್ಟುಹೋಗುವ ಹಕ್ಕು. ಆರು ತಿಂಗಳಲ್ಲಿ ಮೂರು ತಿಂಗಳು ಗುರಿ ತಪ್ಪಿದರೆ ದಂಡ ಇಲ್ಲದೆ ಕರಾರು ಮುರಿಯಬಹುದು, 15 ದಿನದೊಳಗೆ ಬಾಕಿ ಲೆಕ್ಕ ಸಮೇತ ಎಲ್ಲಾ ಡೇಟಾ ಎಕ್ಸೆಲ್‌ನಲ್ಲಿ ತೆರೆಯುವ ಹಾಗೆ ಕೊಡಬೇಕು.

ಮಂಡಿಮಗ (ಕೋಲಾರ)

ಅದು. ನಮಗೆ ಆರು ಸಾವಿರ ಮುಖ್ಯ ಅಲ್ಲ. ರೈತರ ಬಾಕಿ ಲೆಕ್ಕ ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಇದೆ ಎಂಬ ಹೆದರಿಕೆಗೇ ನಾವು ಬೇರೆ ಕಂಪನಿಗೆ ಹೋಗದೆ ಕೂತಿದ್ದೇವೆ.

ನಂದಿತಪ್ಪಲು

ಆಫ್‌ಲೈನ್ ಕೊಟ್ಟುಬಿಟ್ಟರೆ ಇದೆಲ್ಲಾ ಬೇಕಾ? ನೆಟ್ ಇಲ್ಲದಿದ್ದರೂ ಮೊಬೈಲ್‌ನಲ್ಲೇ ಪಟ್ಟಿ ಸೇವ್ ಆಗಲಿ, ಆಮೇಲೆ ಮೇಲಕ್ಕೆ ಹೋಗಲಿ. ಆಗ ಸರ್ವರ್ ನಿಂತರೂ ನಿಂತಂತಲ್ಲ.

ಕಲ್ಪತರು_ಕೋಡ್ (ತುಮಕೂರು)

ನಮ್ಮದರಲ್ಲಿ ಆಫ್‌ಲೈನ್ ನಮೂದು ಇದೆ. ಆದರೆ ರೈತನ ಹಳೇ ಮುಂಗಡ ಎಷ್ಟು ಎಂದು ಆಗ ಕಾಣುವುದಿಲ್ಲ, ಹಾಗಾಗಿ ಪಟ್ಟಿ ಪ್ರಿಂಟ್ ಆಗುವುದಿಲ್ಲ. ಬೆಲೆ, ತೂಕ ಮಾತ್ರ ಸೇವ್ ಆಗುತ್ತದೆ. ಆ ನಿಮಿಷಗಳನ್ನು ಅರ್ಧ ಎಂದು ಎಣಿಸಿ ಎಂದು ಕೇಳಬಹುದಾ?

ಕರಾರುಪತ್ರ

ಕೇಳಬಹುದು. ನಾನು ಮಂಡಿಯ ಕಡೆ ಇದ್ದರೆ ಒಪ್ಪುವುದಿಲ್ಲ.

ಮಂಡಿಮಗ (ಕೋಲಾರ)

ನಾನು ಒಪ್ಪುತ್ತೇನೆ. ಬೆಲೆ ಮತ್ತು ತೂಕ ಉಳಿದರೆ ರಟ್ಟು ಹರಿಯಬೇಕಾಗಿಲ್ಲ. ಪಟ್ಟಿ ಒಂದು ಗಂಟೆ ತಡವಾದರೆ ರೈತ ಟೀ ಕುಡಿದು ಕಾಯುತ್ತಾನೆ. ಬೆಲೆ ತಪ್ಪಿದರೆ ಕಾಯುವುದಿಲ್ಲ.

ಕರಾರುಪತ್ರ

ಹಾಗಾದರೆ ಅದನ್ನು ಅವರ ಹತ್ತಿರ ನೇರವಾಗಿ ಕೇಳಿ. ನಾನು ಕೂತಲ್ಲಿಂದ ಅದು ಕಾಣುವುದಿಲ್ಲ.

ಕಲ್ಪತರು_ಕೋಡ್ (ತುಮಕೂರು)

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಕೋಲಾರಕ್ಕೆ ಹೋಗಿ ಅವರ ಜೊತೆ ಕೂತು ಬಂದೆ. ವಕೀಲರು 99.99 ಬಿಟ್ಟರು. ಹರಾಜಿನ ಹೊತ್ತು 6ರಿಂದ 2, ತಿಂಗಳಿಗೆ 15 ನಿಮಿಷ ಎಂದು ನಿಮಿಷದಲ್ಲೇ ಬರೆದೆವು. ಮೂರು ಮೆಟ್ಟಿಲು, 30% ಮಿತಿ, ಕ್ರೆಡಿಟ್ ನೋಟ್ ಮೂಲಕ, ತಾನಾಗಿ. ಡೇಟಾ ವಾಪಸ್ ಕೊಡುವ ಸಾಲನ್ನು ಅವರು ಕೇಳುವ ಮೊದಲೇ ನಾನೇ ಓದಿ ಹೇಳಿದೆ. ಅದಾದ ಮೇಲೆ ಮಾತು ಸಲೀಸಾಯಿತು.

ಎರಡನೇ ಝೋನ್‌ಗೆ ತಿಂಗಳಿಗೆ 4,000 ಜಾಸ್ತಿ ಕೊಡಲು ಒಪ್ಪಿದ್ದಾರೆ. ನಮಗೆ ಆಗುವ ಖರ್ಚು ಅದಕ್ಕಿಂತ ಜಾಸ್ತಿ, ಉಳಿದದ್ದು ನಾವು ಹಾಕುತ್ತೇವೆ. ಇಡೀ ರೀಜನ್ ಬಿದ್ದರೆ ಎಷ್ಟು ಗಂಟೆಯಲ್ಲಿ ಎಬ್ಬಿಸಬೇಕು ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಅವರು ನಾಲ್ಕು ಗಂಟೆ ಎನ್ನುತ್ತಾರೆ, ನಾನು ಹನ್ನೆರಡು. ಆಫ್‌ಲೈನ್ ನಿಮಿಷ ಅರ್ಧ ಎಂಬುದಕ್ಕೆ ಮೂರು ಮಂಡಿಯವರು ಸರಿ ಎಂದರು, ಇಬ್ಬರು ಇಲ್ಲ ಎಂದರು.

ಸುಳ್ಳು ಮಂಡಿ ಖಾತೆಯ ಸ್ಕ್ರಿಪ್ಟ್ ಓಡುತ್ತಿದೆ. ಭಾನುವಾರ ರಾತ್ರಿ ಟೆಸ್ಟ್ ಸರ್ವರ್‌ನ ಡಿಸ್ಕನ್ನು ಬೇಕೆಂದೇ ತುಂಬಿಸಿದೆ. ಲಾಗಿನ್ ಪುಟ ಹಸಿರಾಗೇ ಇತ್ತು. ಎರಡನೇ ನಿಮಿಷಕ್ಕೆ ನನ್ನ ಫೋನ್ ಬಡಿಯಿತು.

ಸರ್ವರ್‌ಕಾವಲು

ನಿಮ್ಮ ಫೋನ್ ಒಂದೇನಾ? ಇನ್ನೊಬ್ಬರದಕ್ಕೂ ಹಾಕಿ. ನೀವು ಬಸ್ಸಿನಲ್ಲಿ ಸಿಗ್ನಲ್ ಇಲ್ಲದ ಕಡೆ ಇರುತ್ತೀರಿ.

ಕಲ್ಪತರು_ಕೋಡ್ (ತುಮಕೂರು)

ಈಗಲೇ ಹಾಕುತ್ತೇನೆ.